ಮಹಾದಾನ ಎಂದರೆ ಸಾಲದು, ತಿಂಡಿ ತಿಂದು ಬನ್ನಿ ಎನ್ನಬೇಕು

ಕಾಲೇಜಿನ ರಕ್ತದಾನ ಶಿಬಿರದ ಪೋಸ್ಟರ್ ಹೇಗಿರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎಲ್ಲಕ್ಕಿಂತ ಮೇಲೆ ಸಂಸ್ಥೆಯ ಲಾಂಛನ, ಅದರ ಎಡಬಲದಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ ಫೋಟೊ. ಕೆಳಗೆ ಎನ್ನೆಸ್ಸೆಸ್ ಘಟಕ, ಯುವ ರೆಡ್‌ಕ್ರಾಸ್, ರೆಡ್ ರಿಬ್ಬನ್ ಕ್ಲಬ್ 'ಇವರ ಸಂಯುಕ್ತ ಆಶ್ರಯದಲ್ಲಿ' ಎಂಬ ಉದ್ದನೆಯ ಸಾಲು. ನಡುವೆ ದೊಡ್ಡದೊಂದು ಕೆಂಪು ಹನಿ, ಅದರ ಮೇಲೆ 'ಬೃಹತ್ ರಕ್ತದಾನ ಶಿಬಿರ', ಅದರಡಿ 'ರಕ್ತದಾನ ಮಹಾದಾನ'. ಆಮೇಲೆ ಉದ್ಘಾಟಕರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ. ಇಷ್ಟೆಲ್ಲ ಮುಗಿದು ಉಳಿದ ಜಾಗದಲ್ಲಿ ದಿನಾಂಕ, ಸಮಯ, ಸ್ಥಳ. ತಳದಲ್ಲಿ 'ಸರ್ವರಿಗೂ ಆದರದ ಸ್ವಾಗತ'.

ಈ ಪೋಸ್ಟರ್ ಓದಿದ ವಿದ್ಯಾರ್ಥಿನಿಗೆ ಉದ್ಘಾಟನೆ ಯಾರು ಮಾಡುತ್ತಾರೆ ಎಂಬುದು ಖಚಿತವಾಗಿ ಗೊತ್ತಾಗುತ್ತದೆ. ಬೆಳಿಗ್ಗೆ ತಿಂಡಿ ತಿನ್ನಬೇಕೋ ಬೇಡವೋ ಗೊತ್ತಾಗುವುದಿಲ್ಲ. ರಕ್ತಪರೀಕ್ಷೆಗೆ ಲ್ಯಾಬಿಗೆ ಹೋಗುವಾಗ ಬರೀ ಹೊಟ್ಟೆಯಲ್ಲಿ ಹೋಗಬೇಕು ಎಂದು ಮನೆಯಲ್ಲಿ ಕೇಳಿ ಬೆಳೆದವಳು ಅವಳು. ರಕ್ತ ಕೊಡಲೂ ಹಾಗೇ ಇರಬಹುದು ಎಂದುಕೊಂಡು ಏನೂ ತಿನ್ನದೆ ಬಂದರೆ ತಪ್ಪು ಅವಳದಲ್ಲ. ರಕ್ತ ಕೇಂದ್ರದ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು 'ಊಟ ಎಷ್ಟು ಹೊತ್ತಿಗಾಯ್ತು?' ಎಂಬುದೇ. ನಾಲ್ಕು ಗಂಟೆಯೊಳಗೆ ಏನಾದರೂ ತಿಂದಿರಬೇಕು ಎಂಬುದು ನಿಯಮ. ತಿಂದಿಲ್ಲವೆಂದರೆ ವಾಪಸ್ಸು.

ಶಿಬಿರದ ದಿನ ಹೀಗೆ ವಾಪಸ್ಸಾಗುವವರನ್ನು ಒಂದು ಗಂಟೆ ಕೂತು ನೋಡಿದರೆ ಪೋಸ್ಟರ್ ಬರೆಯುವ ಕೆಲಸ ಏನೆಂದು ತಾನಾಗಿ ತಿಳಿಯುತ್ತದೆ. ಒಬ್ಬನಿಗೆ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳಿದೆ. ಇನ್ನೊಬ್ಬಳ ತೂಕ 43 ಕೆಜಿ. ಮತ್ತೊಬ್ಬ ಹೋದ ತಿಂಗಳು ಊರಹಬ್ಬದಲ್ಲಿ ಮುಂಗೈಗೆ ಹಚ್ಚೆ ಹಾಕಿಸಿಕೊಂಡಿದ್ದಾನೆ. ಹಾಸ್ಟೆಲಿನ ಹುಡುಗ ರಾತ್ರಿಯಿಡೀ ಅಸೈನ್‌ಮೆಂಟ್ ಬರೆದು ನಿದ್ದೆಗೆಟ್ಟು ಬಂದಿದ್ದಾನೆ. ಇವರೆಲ್ಲ ಒಳ್ಳೆಯ ಮನಸ್ಸಿನಿಂದ ಬಂದವರು, ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತವರು. ಇವರಲ್ಲಿ ಕೆಲವರು ಮುಂದಿನ ಸಲ ಕರೆದರೂ ಬರುವುದಿಲ್ಲ. ಮೇಜಿನ ಬಳಿ ಬಂದ ಮೇಲೆ ಹೇಳುವ 'ಆಗಲ್ಲಮ್ಮ' ಎಂಬ ಮಾತನ್ನು ಎರಡು ದಿನ ಮೊದಲೇ ಗೋಡೆಯ ಮೇಲೆ ಹೇಳಿಬಿಡಬೇಕು, ಅದೂ ನೋಯಿಸದ ಹಾಗೆ. ಜನರನ್ನು ಸೇರಿಸುವುದು ಪೋಸ್ಟರಿನ ಅರ್ಧ ಕೆಲಸ ಮಾತ್ರ. ಬರಬೇಕಾದವರು ಬರಬೇಕಾದ ಸ್ಥಿತಿಯಲ್ಲಿ, ಬರಬೇಕಾದ ಹೊತ್ತಿಗೆ ಬರುವಂತೆ ಮಾಡುವುದು ಉಳಿದರ್ಧ, ಮತ್ತು ಹೆಚ್ಚು ಕಷ್ಟದ್ದು.

ಒಂದು ಉದಾಹರಣೆ ಹಿಡಿದು ನೋಡೋಣ. ತಾಲ್ಲೂಕು ಕೇಂದ್ರದ ಒಂದು ಪ್ರಥಮ ದರ್ಜೆ ಕಾಲೇಜು. ಜುಲೈ 22, ಬುಧವಾರ ಶಿಬಿರ. ರಕ್ತ ಸಂಗ್ರಹಿಸಲು ಜಿಲ್ಲಾ ಆಸ್ಪತ್ರೆಯ ರಕ್ತ ಕೇಂದ್ರದವರು ಬರುತ್ತಾರೆ. ಎನ್ನೆಸ್ಸೆಸ್ ಆಗಲಿ, ಯಾವ ಸಂಘವಾಗಲಿ ತಾವೇ ರಕ್ತ ತೆಗೆಯುವಂತಿಲ್ಲ. ಪರವಾನಗಿ ಇರುವ ಕೇಂದ್ರವೇ ಬರಬೇಕು. ಪೋಸ್ಟರಿಗೆ ನಿಜಕ್ಕೂ ಬೇಕಾದ ಹೆಸರು ಆ ಕೇಂದ್ರದ್ದು. ರಕ್ತ ಎಲ್ಲಿಗೆ ಹೋಗುತ್ತದೆ, ಯಾರು ಚುಚ್ಚುತ್ತಾರೆ ಎಂದು ಕೇಳುವ ತಾಯಿಗೆ ಅದೊಂದು ಹೆಸರೇ ಉತ್ತರ. ಅತಿಥಿಗಳ ಹೆಸರಿಗೆ ಆಮಂತ್ರಣ ಪತ್ರಿಕೆ ಎಂಬ ಪ್ರತ್ಯೇಕ ಕಾಗದ ಇದೆ. ಅದನ್ನು ಅಚ್ಚು ಹಾಕಿಸಿ ಎಷ್ಟು ಫೋಟೊ ಬೇಕಾದರೂ ಹಾಕಿಕೊಳ್ಳಲಿ.

ಮೊದಲು ತಲೆಬರಹ. 'ರಕ್ತದಾನ ಮಹಾದಾನ', 'ರಕ್ತದಾನ ಜೀವದಾನ' ಇವುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವನ್ನು ಎಷ್ಟು ಸಲ ಓದಿದ್ದೇವೆಂದರೆ ಈಗ ಕಣ್ಣು ಅವುಗಳ ಮೇಲೆ ನಿಲ್ಲುವುದೇ ಇಲ್ಲ. ದಾನ ದೊಡ್ಡದೆಂಬುದನ್ನು ವಿದ್ಯಾರ್ಥಿ ಆಗಲೇ ಒಪ್ಪಿದ್ದಾನೆ. ಒಪ್ಪಿಯೂ ಬರದಿರಲು ಅವನಿಗಿರುವ ಕಾರಣಗಳು ಬೇರೆ: ಸೂಜಿಯ ಹೆದರಿಕೆ, ತಲೆ ಸುತ್ತಿ ಬಿದ್ದರೆ ಗೆಳೆಯರು ನಗುತ್ತಾರೆಂಬ ಹೆದರಿಕೆ, ಇಡೀ ದಿನ ಹಾಳಾಗುತ್ತದೆಂಬ ಲೆಕ್ಕ, ಅಟೆಂಡೆನ್ಸ್ ಹೋಗುತ್ತದೆಂಬ ಚಿಂತೆ. ತಲೆಬರಹ ಇವುಗಳಲ್ಲಿ ಒಂದಕ್ಕಾದರೂ ಉತ್ತರ ಕೊಟ್ಟರೆ ಓದುಗ ಮುಂದಿನ ಸಾಲಿಗೆ ಬರುತ್ತಾನೆ.

ನಮ್ಮ ಪೋಸ್ಟರಿಗೆ ನಾನು ಆರಿಸುವ ತಲೆಬರಹ ಇದು: 'ರಕ್ತ ಕೊಡಲು ಒಂದು ಪಿರಿಯಡ್ ಸಾಕು'. ಇದು ಚಮತ್ಕಾರದ ಮಾತಲ್ಲ, ಲೆಕ್ಕದ ಮಾತು. ಹೆಸರು ಬರೆಸಿ, ಪ್ರಶ್ನಾವಳಿ ತುಂಬಿ, ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡಿಸಿಕೊಳ್ಳಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಮಂಚದ ಮೇಲೆ ಮಲಗಿದ ಮೇಲೆ ರಕ್ತ ಚೀಲಕ್ಕೆ ಇಳಿಯಲು ಐದರಿಂದ ಹತ್ತು ನಿಮಿಷ. ಆಮೇಲೆ ಸ್ವಲ್ಪ ಮಲಗಿದ್ದು, ಎದ್ದು, ಜ್ಯೂಸು ಬಿಸ್ಕತ್ತು ತಿಂದು ಕೂತಿರಲು ಇನ್ನೊಂದು ಕಾಲು ಗಂಟೆ. ಎಲ್ಲ ಸೇರಿ ಒಂದು ಪಿರಿಯಡ್ಡು. ಆದರೆ ಒಂದು ಷರತ್ತಿದೆ: ಸಾಲಿನಲ್ಲಿ ಕಾಯುವಂತಾಗಬಾರದು. ತಲೆಬರಹದಲ್ಲಿ ಕೊಟ್ಟ ಮಾತನ್ನು ಸಮಯದ ಸಾಲು ಉಳಿಸಿಕೊಡಬೇಕು. ಅದನ್ನು ಆಮೇಲೆ ನೋಡೋಣ.

'ಒಂದು ಹನಿ ರಕ್ತ, ಮೂರು ಜೀವ' ಎಂಬ ಘೋಷಣೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಹನಿಯಿಂದ ಯಾರ ಜೀವವೂ ಉಳಿಯುವುದಿಲ್ಲ. ತೆಗೆಯುವುದು 350 ಅಥವಾ 450 ಮಿಲಿಲೀಟರ್. 'ಮೂರು' ಎಂಬ ಸಂಖ್ಯೆಗೆ ಆಧಾರವಿದೆ. ಕೇಂದ್ರದಲ್ಲಿ ಆ ಚೀಲವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡಿದರೆ ಅವು ಮೂವರಿಗೆ ಹೋಗಬಹುದು. ಕೆಂಪು ಕಣವನ್ನು ಫ್ರಿಜ್ಜಿನಲ್ಲಿ ಐದಾರು ವಾರ ಇಡಬಹುದು, ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷದವರೆಗೆ ಇಡಬಹುದು. ಪ್ಲೇಟ್‌ಲೆಟ್ ಮಾತ್ರ ಐದೇ ದಿನ, ಅದೂ ಕೋಣೆಯ ಉಷ್ಣತೆಯಲ್ಲಿ, ಸದಾ ಅಲುಗಾಡುವ ಯಂತ್ರದ ಮೇಲೆ. ಐದು ದಿನದೊಳಗೆ ಬೇಕಾದವರು ಸಿಗದಿದ್ದರೆ ಅದನ್ನು ಚೆಲ್ಲಬೇಕು. ಆದ್ದರಿಂದ 'ಮೂರು ಜೀವ ಉಳಿಸಿ' ಎನ್ನುವುದಕ್ಕಿಂತ 'ನಿಮ್ಮ ಒಂದು ಚೀಲ ರಕ್ತ ಮೂವರು ರೋಗಿಗಳಿಗೆ ಒದಗಬಹುದು' ಎನ್ನುವುದು ಸರಿ. ವಿಜ್ಞಾನ ಓದುವ ಹುಡುಗರಿರುವ ಕಾಲೇಜಿನ ಗೋಡೆಯ ಮೇಲೆ ಒಂದು ಹನಿಯ ಕಥೆ ಹೇಳಿದರೆ ಅವರು ಉಳಿದ ಸಾಲುಗಳನ್ನೂ ನಂಬುವುದಿಲ್ಲ.

ಇನ್ನು ತಲೆಬರಹದ ಹತ್ತಿರ ಬರಲೇಬಾರದ ಆಮಿಷವೊಂದಿದೆ: 'ಎಚ್‌ಐವಿ, ಹೆಪಟೈಟಿಸ್ ಸೇರಿ ಐದು ಪರೀಕ್ಷೆ ಉಚಿತ!' ಬರೆದವರ ಉದ್ದೇಶ ಒಳ್ಳೆಯದೇ. ಕೊಟ್ಟ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷಿಸುವುದು ಕಡ್ಡಾಯ ಎಂಬುದೂ ನಿಜ. ಆದರೆ ಪರೀಕ್ಷೆಯನ್ನು ಆಮಿಷವಾಗಿ ತೋರಿಸಿದರೆ ತನಗೇನೋ ಆಗಿರಬಹುದೆಂಬ ಅನುಮಾನವಿರುವವನೇ ಮೊದಲು ಬರುತ್ತಾನೆ. ಹೊರಗೆ ಪರೀಕ್ಷೆ ಮಾಡಿಸಲು ಅವನಿಗೆ ಸಂಕೋಚ. ಇಲ್ಲಾದರೆ ದಾನದ ಹೆಸರಿನಲ್ಲಿ ಗುಟ್ಟಾಗಿ ಮುಗಿಯುತ್ತದೆ ಎಂದುಕೊಳ್ಳುತ್ತಾನೆ, ಪ್ರಶ್ನಾವಳಿಯಲ್ಲಿ ನಿಜ ಬರೆಯುವುದಿಲ್ಲ. ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಅದು ಯಾವ ಪರೀಕ್ಷೆಗೂ ಸಿಗದ ಅವಧಿಯೊಂದಿರುತ್ತದೆ. ಆ ಅವಧಿಯಲ್ಲಿ ರಕ್ತ ಕೊಟ್ಟರೆ ವರದಿ ಚೆನ್ನಾಗಿಯೇ ಬರುತ್ತದೆ, ಚೀಲ ರೋಗಿಗೆ ಹೋಗುತ್ತದೆ. ಇದನ್ನು ತಡೆಯುವ ಶಕ್ತಿ ಇರುವುದು ಯಂತ್ರಕ್ಕಲ್ಲ, ದಾನಿ ಬರೆಯುವ ನಿಜವಾದ ಉತ್ತರಕ್ಕೆ. ಅನುಮಾನವಿದ್ದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತವಾಗಿ, ಗೋಪ್ಯವಾಗಿ ಆಗುತ್ತದೆ. ಪೋಸ್ಟರಿನಲ್ಲಿ ಹೇಳಲೇಬೇಕೆಂದಿದ್ದರೆ ಅದನ್ನು ಹೇಳಬಹುದು.

ಇದೇ ಕಾರಣಕ್ಕೆ 'ಅತಿ ಹೆಚ್ಚು ರಕ್ತ ಕೊಟ್ಟ ತರಗತಿಗೆ ಟ್ರೋಫಿ', 'ಇಂಟರ್ನಲ್ಸ್‌ಗೆ ಐದು ಅಂಕ' ಎಂಬ ಸಾಲುಗಳೂ ಬೇಡ. ನಮ್ಮ ದೇಶದಲ್ಲಿ ದುಡ್ಡಿಗೆ ರಕ್ತ ಮಾರುವ ವೃತ್ತಿಯೇ ಒಂದು ಕಾಲಕ್ಕಿತ್ತು. ಕಾಮನ್ ಕಾಸ್ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಅದು ನಿಂತಿತು. ದುಡ್ಡಿಗೆ ಸಮನಾದ ವಸ್ತು ಕೊಡುವುದೂ ಸ್ವಯಂಪ್ರೇರಿತ ದಾನವೆನಿಸುವುದಿಲ್ಲ. ಅಂಕ ದುಡ್ಡಲ್ಲ ಎಂದು ವಾದಿಸಬಹುದು. ಆದರೆ ಅಂಕಕ್ಕಾಗಿ ಬಂದವನು ಹೋದ ವಾರದ ಜ್ವರವನ್ನು ಬಚ್ಚಿಡುತ್ತಾನೆ, ತರಗತಿಯ ಮಾನಕ್ಕಾಗಿ ಬಂದವಳು ತೂಕದ ಯಂತ್ರ ಹತ್ತುವಾಗ ಜೇಬಿಗೆ ಮೊಬೈಲು, ಬೀಗದಕೈ ಗೊಂಚಲು ತುರುಕಿಕೊಳ್ಳುತ್ತಾಳೆ. ಆ ಪಿರಿಯಡ್ಡಿನ ಹಾಜರಿ ಕೊಡುವುದು ಬೇರೆ ಮಾತು. ಅದು ನಷ್ಟವಾಗದಂತೆ ನೋಡಿಕೊಳ್ಳುವುದಷ್ಟೇ, ಲಾಭವಲ್ಲ. ಅದನ್ನು ಪೋಸ್ಟರಿನಲ್ಲಿ ಧಾರಾಳವಾಗಿ ಬರೆಯಿರಿ, ಪ್ರಾಂಶುಪಾಲರನ್ನು ಕೇಳಿದ ಮೇಲೆ.

ಈಗ ವಿವರಗಳು. ರಕ್ತ ಕೊಡಲು ಯಾರು ಅರ್ಹರು ಎಂಬ ಸರ್ಕಾರದ ಪಟ್ಟಿ ಹಲವು ಪುಟ ಇದೆ. ಅಷ್ಟನ್ನೂ ಪೋಸ್ಟರಿಗೆ ಸುರಿದರೆ ಯಾರೂ ಓದುವುದಿಲ್ಲ, ಒಂದನ್ನೂ ಹಾಕದಿದ್ದರೆ ಸಾಲಿನಲ್ಲಿ ಗೋಳು. ಕಾಲೇಜಿನ ವಯಸ್ಸಿನವರನ್ನು ಹೆಚ್ಚಾಗಿ ತಡೆಯುವಂಥವು ಯಾವುವು ಎಂದು ನೋಡಿ ಅಷ್ಟನ್ನೇ ಆರಿಸಬೇಕು. ಮಧುಮೇಹ, ಹೃದಯದ ಕಾಯಿಲೆ ಮುಂತಾದವನ್ನು ವೈದ್ಯರೇ ಕೇಳಿಕೊಳ್ಳುತ್ತಾರೆ.

ವಯಸ್ಸಿನಿಂದ ಶುರು ಮಾಡೋಣ. ಹದಿನೆಂಟು ತುಂಬಿರಬೇಕು. ಪಿಯುಸಿ ಮುಗಿಸಿ ಜುಲೈಯಲ್ಲಿ ಪ್ರಥಮ ವರ್ಷದ ಪದವಿಗೆ ಬಂದು ಕೂತವರಲ್ಲಿ ಹದಿನೇಳೂ ಇರುತ್ತದೆ, ಹದಿನೆಂಟೂ ಇರುತ್ತದೆ. ಒಂದೇ ಆವರಣದಲ್ಲಿ ಪಿಯು ಕಾಲೇಜೂ ಇದ್ದರೆ ಕೇಳುವುದೇ ಬೇಡ. ಹದಿನೇಳರ ಹುಡುಗ 'ಅಪ್ಪನ ಹತ್ರ ಸಹಿ ಹಾಕಿಸಿಕೊಂಡು ಬರ್ತೀನಿ ಸಾರ್' ಎನ್ನುತ್ತಾನೆ. ಅಪ್ಪನ ಸಹಿಯಿಂದ ವಯಸ್ಸು ತುಂಬುವುದಿಲ್ಲ. ಹಾಗೆಂದು ಅವನನ್ನು ಸುಮ್ಮನೆ ಕಳಿಸುವುದೂ ಬೇಡ: 'ಹದಿನೆಂಟು ತುಂಬಿಲ್ಲವೇ? ಸ್ವಯಂಸೇವಕರಾಗಿ ಬನ್ನಿ' ಎಂಬ ಒಂದು ಸಾಲು ಹಾಕಿದರೆ ಜ್ಯೂಸು ಹಂಚಲು, ಕೊಟ್ಟವರ ಜೊತೆ ಕೂತಿರಲು ಕೈಗಳು ಸಿಕ್ಕವು.

ತೂಕ ಕನಿಷ್ಠ 45 ಕೆಜಿ. ಅಷ್ಟಿದ್ದರೆ 350 ಮಿಲಿಲೀಟರ್ ತೆಗೆಯುತ್ತಾರೆ, 55ಕ್ಕಿಂತ ಹೆಚ್ಚಿದ್ದರೆ 450ರ ಚೀಲವೂ ಆಗುತ್ತದೆ. ಹಚ್ಚೆ ಹಾಕಿಸಿಕೊಂಡಿದ್ದರೆ, ಕಿವಿ ಮೂಗು ಚುಚ್ಚಿಸಿಕೊಂಡಿದ್ದರೆ ಒಂದು ವರ್ಷ ಕಾಯಬೇಕು. ಡೆಂಗಿ ಬಂದು ವಾಸಿಯಾಗಿದ್ದರೆ ಆರು ತಿಂಗಳು. ಮಳೆಗಾಲದ ಶಿಬಿರದಲ್ಲಿ ಇದನ್ನು ಮರೆಯುವಂತಿಲ್ಲ. ಹುಡುಗರಾದರೆ ಹಿಂದಿನ ಸಲ ಕೊಟ್ಟು 90 ದಿನ, ಹುಡುಗಿಯರಾದರೆ 120 ದಿನ ಆಗಿರಬೇಕು. ಮುಟ್ಟಿನ ದಿನಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಇದನ್ನು ದೊಡ್ಡ ಪೋಸ್ಟರಿನಲ್ಲಿ ಬರೆಯುವ ಬದಲು ಮಹಿಳಾ ವಿಶ್ರಾಂತಿ ಕೊಠಡಿಯಲ್ಲಿ, ಹುಡುಗಿಯರ ಹಾಸ್ಟೆಲಿನಲ್ಲಿ ಚಿಕ್ಕ ಹಾಳೆ ಅಂಟಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದಿನ ಹೊಂದದಿದ್ದವರು ಯಾರಿಗೂ ಕಾರಣ ಹೇಳಬೇಕಾಗಿ ಬರುವುದಿಲ್ಲ.

ಹೆಚ್ಚು ಹುಡುಗಿಯರನ್ನು ವಾಪಸ್ಸು ಕಳಿಸುವುದು ಹಿಮೋಗ್ಲೋಬಿನ್. ಡೆಸಿಲೀಟರಿಗೆ 12.5 ಗ್ರಾಂ ಇರಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಅಲ್ಲಿ ರಕ್ತಹೀನತೆಯ ಗೆರೆ 12. ದಾನದ ಗೆರೆ ಅದಕ್ಕಿಂತ ಅರ್ಧ ಗ್ರಾಂ ಮೇಲಿದೆ. ಅಂದರೆ ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ ಹುಡುಗಿಯೂ ಇಲ್ಲಿ ನಿಲ್ಲಬಹುದು. ನೋಡುವ ವಿಧಾನ ಸರಳ. ಬೆರಳ ತುದಿ ಚುಚ್ಚಿ, ಒಂದು ಹನಿಯನ್ನು ತಿಳಿನೀಲಿ ಮೈಲುತುತ್ತಿನ ದ್ರಾವಣವಿರುವ ಲೋಟಕ್ಕೆ ಸ್ವಲ್ಪ ಮೇಲಿನಿಂದ ಬಿಡುತ್ತಾರೆ. ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಹದ ಮಾಡಿರುತ್ತಾರೆ. ಹಿಮೋಗ್ಲೋಬಿನ್ ಸಾಕಷ್ಟಿದ್ದ ಹನಿ ಅದಕ್ಕಿಂತ ಭಾರ, ಹದಿನೈದು ಸೆಕೆಂಡಿನೊಳಗೆ ತಳಕ್ಕೆ ಹೋಗುತ್ತದೆ. ಕಡಿಮೆಯಿದ್ದ ಹನಿ ನಡುವೆಯೇ ತಡೆದು ನಿಲ್ಲುತ್ತದೆ, ಇಲ್ಲವೇ ಮೇಲೆ ಬರುತ್ತದೆ. ಈಗ ಎಷ್ಟೋ ಕಡೆ ಕೈಯಲ್ಲಿ ಹಿಡಿಯುವ ಚಿಕ್ಕ ಮೀಟರು ಬಂದಿದೆ, ಗೆರೆ ಮಾತ್ರ ಅದೇ. ಹಿಂದಿನ ರಾತ್ರಿ ಬೀಟ್‌ರೂಟು, ಖರ್ಜೂರ ತಿಂದರೆ ಹನಿ ಮುಳುಗುವುದಿಲ್ಲ. ಹಿಮೋಗ್ಲೋಬಿನ್ ಏರಲು ವಾರಗಟ್ಟಲೆ ಬೇಕು. ಪೋಸ್ಟರ್ ಇಷ್ಟೆಲ್ಲ ಹೇಳಬೇಕಿಲ್ಲ. 'ಹಿಮೋಗ್ಲೋಬಿನ್ ಅಲ್ಲೇ ನೋಡುತ್ತಾರೆ, 12.5 ಇರಬೇಕು. ಕಡಿಮೆ ಬಂದರೆ ಗಾಬರಿ ಬೇಡ, ವೈದ್ಯರೊಂದಿಗೆ ಮಾತಾಡಿ' ಎಂದರೆ ವಾಪಸ್ಸು ಬರುವವಳಿಗೆ ಅದು ಅವಮಾನವಾಗುವುದಿಲ್ಲ.

ಸಿದ್ಧತೆಯ ಸಾಲುಗಳು ಮೂರೇ: ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ತಿಂಡಿ ತಿನ್ನಿ, ಬರುವ ಮೊದಲು ನೀರು ಕುಡಿಯಿರಿ. ನೀರಿನ ಸಾಲು ಸುಮ್ಮನೆ ಹಾಕಿದ್ದಲ್ಲ. ರಕ್ತ ಕೊಟ್ಟು ತಲೆ ಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ, ಕಡಿಮೆ ತೂಕದ, ಮೊದಲ ಸಲ ಕೊಡುವವರು. ಕಾಲೇಜು ಶಿಬಿರಕ್ಕೆ ಬರುವವರೆಂದರೆ ಅವರೇ. ಚುಚ್ಚುವ ಸ್ವಲ್ಪ ಮುಂಚೆ ಅರ್ಧ ಲೀಟರಿನಷ್ಟು ನೀರು ಕುಡಿದರೆ ಹೀಗೆ ಬೀಳುವುದು ಕಡಿಮೆಯಾಗುತ್ತದೆ. ಒಬ್ಬ ಬಿದ್ದರೆ ಸಾಲಿನಲ್ಲಿ ನಿಂತಿದ್ದ ಐದು ಮಂದಿ ಮೆಲ್ಲಗೆ ಜಾರಿಕೊಳ್ಳುತ್ತಾರೆ ಎಂಬುದು ಶಿಬಿರ ನಡೆಸಿದವರಿಗೆಲ್ಲ ಗೊತ್ತು. ಉಪವಾಸದವರಿಗೂ ಒಂದು ಮಾತು ಬೇಕು. ಏಕಾದಶಿ, ಶ್ರಾವಣದ ಸೋಮವಾರ ಶನಿವಾರ, ರಂಜಾನ್ ತಿಂಗಳು ನೋಡಿಕೊಂಡು ದಿನ ಗೊತ್ತು ಮಾಡಿದರೆ ಈ ತೊಡಕು ಅರ್ಧ ಕರಗುತ್ತದೆ. ಉಳಿದರ್ಧಕ್ಕೆ 'ಅಂದು ಉಪವಾಸವಿದ್ದರೆ ರಕ್ತ ಕೊಡಲಾಗದು' ಎಂದು ಬರೆದರೆ ಸಾಕು.

ಸಮಯದ ಸಾಲಿಗೆ ಬರೋಣ. 'ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ' ಎಂದು ಬರೆದರೆ ಏನಾಗುತ್ತದೆ? ಹತ್ತಕ್ಕೆ ಉದ್ಘಾಟನೆ, ಭಾಷಣ. ಹನ್ನೊಂದೂವರೆಗೆ ಮೂರು ತರಗತಿ ಒಟ್ಟಿಗೆ ಬಿಟ್ಟು ಎಲ್ಲರೂ ಒಂದೇ ಸಲ ನುಗ್ಗುತ್ತಾರೆ. ಎರಡು ಗಂಟೆಗೆ ಮಂಚಗಳು ಖಾಲಿ. ಶಿಬಿರ ಎಷ್ಟು ಮಂದಿಯನ್ನು ತಾಳಬಲ್ಲದು ಎಂಬುದಕ್ಕೆ ನಿಯಮದಲ್ಲೇ ಲೆಕ್ಕವಿದೆ: ಒಬ್ಬ ವೈದ್ಯಾಧಿಕಾರಿ, ಇಬ್ಬರು ನರ್ಸ್‌ಗಳು, ಆರರಿಂದ ಎಂಟು ಮಂಚ ಇದ್ದರೆ ಮೂರು ಗಂಟೆಯಲ್ಲಿ 50ರಿಂದ 70 ಚೀಲ, ಐದು ಗಂಟೆಯಲ್ಲಿ 100ರಿಂದ 120. ಅಂದರೆ ಗಂಟೆಗೆ ಸುಮಾರು ಇಪ್ಪತ್ತು ಮಂದಿ. ಇದು ಗೊತ್ತಾದ ಮೇಲೆ 'ಎಲ್ಲರೂ ಬನ್ನಿ' ಎಂದು ಕರೆಯಲು ಮನಸ್ಸಾಗುವುದಿಲ್ಲ. ನಮ್ಮ ಕಾಲೇಜಿನ ಶಿಬಿರ ಐದು ಗಂಟೆಯದ್ದು ಎಂದುಕೊಳ್ಳಿ. ಹತ್ತಕ್ಕೆ ಬಿ.ಕಾಂ. ಅಂತಿಮ ವರ್ಷ, ಹನ್ನೊಂದಕ್ಕೆ ಬಿ.ಕಾಂ. ದ್ವಿತೀಯ, ಹನ್ನೆರಡಕ್ಕೆ ಬಿ.ಎ., ಎರಡಕ್ಕೆ ಬಿ.ಎಸ್ಸಿ., ಮೂರಕ್ಕೆ ಪ್ರಥಮ ವರ್ಷದವರು ಮತ್ತು ಸಿಬ್ಬಂದಿ. ನಡುವೆ ಒಂದು ಗಂಟೆ ತಂಡದ ಊಟಕ್ಕೆ. ಮಧ್ಯಾಹ್ನದ ಸರದಿಯವರು ಬೆಳಿಗ್ಗೆ ಎಂಟರ ತಿಂಡಿಯ ಮೇಲೆ ಬರುವಂತಿಲ್ಲ, ನಾಲ್ಕು ಗಂಟೆ ದಾಟಿರುತ್ತದೆ; ಅವರಿಗೆ 'ಊಟ ಮಾಡಿ ಬನ್ನಿ' ಎಂದೇ ಬರೆಯಬೇಕು.

ಕೊನೆಗೆ ಕರೆ. 'ಬನ್ನಿ, ರಕ್ತದಾನ ಮಾಡಿ, ಜೀವ ಉಳಿಸಿ' ಎಂದರೆ ಓದಿದವನು ಆ ಕ್ಷಣಕ್ಕೆ ಏನು ಮಾಡಬೇಕು? ಏನೂ ಇಲ್ಲ, ಬುಧವಾರ ನೋಡೋಣ ಎಂದು ಮುಂದೆ ಹೋಗುತ್ತಾನೆ. ಕರೆಯಲ್ಲಿ ಈಗಲೇ ಮಾಡಬಹುದಾದ ಒಂದೇ ಒಂದು ಕೆಲಸ ಇರಬೇಕು: 'ಸೋಮವಾರದೊಳಗೆ ನಿಮ್ಮ ಸಿ.ಆರ್. ಬಳಿ ಹೆಸರು ಬರೆಸಿ, ಸಮಯದ ಚೀಟಿ ಪಡೆಯಿರಿ'. ಚೀಟಿ ಕೈಗೆ ಬಂದವನು ಬರುವುದೇ ಹೆಚ್ಚು. ಕ್ಯೂಆರ್ ಕೋಡ್ ಹಾಕುವುದು ಈಗಿನ ರೂಢಿ, ಹಾಕಲಿ, ಆದರೆ ಚೀಟಿಯ ದಾರಿಯೂ ಇರಲಿ. ಒಂದು ಎಚ್ಚರಿಕೆ: ಹೆಸರು, ರಕ್ತದ ಗುಂಪು, ಮೊಬೈಲ್ ಸಂಖ್ಯೆ ಬರೆದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಅಭ್ಯಾಸ ಕೆಲವೆಡೆ ಇದೆ. ಹುಡುಗಿಯರ ನಂಬರುಗಳು ಹೀಗೆ ಬೀದಿಗೆ ಬಿದ್ದರೆ ಮುಂದಿನ ವರ್ಷ ಯಾರೂ ಹೆಸರು ಕೊಡುವುದಿಲ್ಲ. ಅದೇ ಪಟ್ಟಿಯಲ್ಲಿ 'ತಿರಸ್ಕೃತ' ಎಂದು ಗೆರೆ ಎಳೆದರಂತೂ ಇನ್ನೂ ಅನ್ಯಾಯ.

ಇಷ್ಟನ್ನೂ ಸೇರಿಸಿದರೆ ಪೋಸ್ಟರ್ ಹೀಗಾಗುತ್ತದೆ:

ರಕ್ತ ಕೊಡಲು ಒಂದು ಪಿರಿಯಡ್ ಸಾಕು

ಜುಲೈ 22, ಬುಧವಾರ · ಕಾಲೇಜು ಸಭಾಂಗಣ
ರಕ್ತ ಸಂಗ್ರಹ: ಜಿಲ್ಲಾ ಆಸ್ಪತ್ರೆಯ ರಕ್ತ ಕೇಂದ್ರ

ಬೆಳಿಗ್ಗೆ 10: ಬಿ.ಕಾಂ. ಅಂತಿಮ · 11: ಬಿ.ಕಾಂ. ದ್ವಿತೀಯ · 12: ಬಿ.ಎ.
ಮಧ್ಯಾಹ್ನ 2: ಬಿ.ಎಸ್ಸಿ. · 3: ಪ್ರಥಮ ವರ್ಷ, ಸಿಬ್ಬಂದಿ

18 ತುಂಬಿರಬೇಕು. ತೂಕ 45 ಕೆಜಿ ಇರಬೇಕು.
ಹಿಮೋಗ್ಲೋಬಿನ್ 12.5 ಇರಬೇಕು, ಅಲ್ಲೇ ನೋಡುತ್ತಾರೆ.
ಒಂದು ವರ್ಷದೊಳಗೆ ಹಚ್ಚೆ, ಆರು ತಿಂಗಳೊಳಗೆ ಡೆಂಗಿ ಆಗಿದ್ದರೆ ಈ ಸಲ ಬೇಡ.

ರಾತ್ರಿ ನಿದ್ದೆ ಮಾಡಿ. ತಿಂಡಿ ತಿಂದು ಬನ್ನಿ, ಮಧ್ಯಾಹ್ನದವರು ಊಟ ಮಾಡಿ ಬನ್ನಿ. ನೀರು ಕುಡಿಯಿರಿ.
ಅಂದು ಉಪವಾಸವಿದ್ದರೆ ರಕ್ತ ಕೊಡಲಾಗದು. ಅಂದು ಸಂಜೆ ಆಟದ ಪ್ರಾಕ್ಟೀಸ್ ಬೇಡ.
ಆ ಪಿರಿಯಡ್ಡಿನ ಹಾಜರಿ ಸಿಗುತ್ತದೆ.
ವೈದ್ಯರು ಬೇಡವೆಂದರೆ ಕಾರಣ ನಿಮ್ಮಲ್ಲೇ ಇರುತ್ತದೆ.

ಸೋಮವಾರದೊಳಗೆ ನಿಮ್ಮ ಸಿ.ಆರ್. ಬಳಿ ಸಮಯದ ಚೀಟಿ ಪಡೆಯಿರಿ.
18 ತುಂಬಿಲ್ಲವೇ? ಸ್ವಯಂಸೇವಕರಾಗಿ ಬನ್ನಿ.
ಎನ್ನೆಸ್ಸೆಸ್ ಘಟಕ · ಯುವ ರೆಡ್‌ಕ್ರಾಸ್

ಹಿಮೋಗ್ಲೋಬಿನ್ ಕಡಿಮೆ ಬಂದರೆ ಗಾಬರಿ ಬೇಡ ಎಂಬ ಸಾಲಿಗೆ ಇಲ್ಲಿ ಜಾಗ ಸಾಲಲಿಲ್ಲ. ಅದನ್ನು ಸಮಯದ ಚೀಟಿಯ ಹಿಂಬದಿಗೆ ಹಾಕಬಹುದು. 90 ದಿನ, 120 ದಿನದ ಮಾತೂ ಇಲ್ಲಿಲ್ಲ, ಏಕೆಂದರೆ ಇದು ವರ್ಷದ ಮೊದಲ ಶಿಬಿರ. ಹೊರಗೆಲ್ಲಾದರೂ ಕೊಟ್ಟಿದ್ದವರನ್ನು ವೈದ್ಯರು ಕೇಳುತ್ತಾರೆ. ಹೀಗೆ ಬಿಡುವುದೂ ಬರೆಯುವುದರ ಭಾಗವೇ. ಎ3 ಅಳತೆಯ ಹಾಳೆಯಲ್ಲಿ ಇದಕ್ಕಿಂತ ಹೆಚ್ಚು ತುಂಬಿದರೆ ಅಕ್ಷರ ಚಿಕ್ಕದಾಗಿ, ಮೆಟ್ಟಿಲು ಹತ್ತುವವನಿಗೆ ಕಾಣುವುದು ಕೆಂಪು ಹನಿಯೊಂದೇ.

ಡಿಟಿಪಿ ಅಂಗಡಿಯಲ್ಲಿ ಆಗುವ ಎಡವಟ್ಟನ್ನೂ ಹೇಳಬೇಕು. ಮೊಬೈಲಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ ಸಾಲುಗಳನ್ನು ಅಂಗಡಿಯವರು ತಮ್ಮ ಹಳೆಯ ತಂತ್ರಾಂಶಕ್ಕೆ ಅಂಟಿಸುತ್ತಾರೆ. 'ರಕ್ತ'ದ ತವೊತ್ತು ಕಳಚಿ ಪಕ್ಕಕ್ಕೆ ನಿಲ್ಲುತ್ತದೆ, 'ಪ್ರಥಮ'ದಲ್ಲಿ ಅರ್ಧ ಪ ಒಂದು ಕಡೆ, ರ ಇನ್ನೊಂದು ಕಡೆ. ಇಲ್ಲವೇ ಅವರು ನುಡಿಯಲ್ಲಿ ಹೊಸದಾಗಿ ಬೆರಳಚ್ಚು ಮಾಡುವಾಗ 12.5 ಎಂಬುದು 125 ಆಗುತ್ತದೆ. ತಲೆಬರಹ ದೊಡ್ಡದು, ತಪ್ಪು ಕೂಡಲೇ ಕಾಣುತ್ತದೆ. ಅಂಕಿಗಳ ತಪ್ಪು ಕಾಣುವುದಿಲ್ಲ. ಕರಡನ್ನು ಮೊಬೈಲಿನಲ್ಲಿ ನೋಡಿ 'ಓಕೆ' ಎನ್ನದೆ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಒಬ್ಬರು ಮೂಲ ಓದಿ ಇನ್ನೊಬ್ಬರು ಅಂಕಿಗಳ ಮೇಲೆ ಬೆರಳಿಟ್ಟು ನೋಡಬೇಕು. ಒತ್ತಕ್ಷರಗಳಿಗೆ ಜಾಗ ಬೇಕಾದ್ದರಿಂದ ಸಾಲುಗಳ ನಡುವೆ ಅಂತರ ಸ್ವಲ್ಪ ಹೆಚ್ಚೇ ಇರಲಿ. ಕೆಂಪು ಹಿನ್ನೆಲೆಯ ಮೇಲೆ ಬಿಳಿ ಸಣ್ಣಕ್ಷರ ಬೇಡ. ಜೆರಾಕ್ಸ್ ತೆಗೆದು ಹಂಚಿದಾಗ ಕೆಂಪು ಕಪ್ಪಾಗಿ ಸಮಯ, ಸ್ಥಳ ಎರಡೂ ಮಸಿಯಲ್ಲಿ ಮುಳುಗುತ್ತವೆ.

ಎಲ್ಲಿ ಅಂಟಿಸಬೇಕು ಎಂಬುದಕ್ಕೆ ಹೆಚ್ಚು ಯೋಚನೆ ಬೇಡ: ಕುಡಿಯುವ ನೀರಿನ ಫಿಲ್ಟರ್ ಹತ್ತಿರ, ಕ್ಯಾಂಟೀನಿನ ಬಿಲ್ಲು ಕೊಡುವಲ್ಲಿ, ಮೆಟ್ಟಿಲ ತಿರುವಿನಲ್ಲಿ. ಹಾಸ್ಟೆಲ್ ಮೆಸ್ಸಿನಲ್ಲಿ ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಬೇರೆಯದೇ ಒಂದು ಹಾಳೆ: 'ನಾಳೆ ರಕ್ತ ಕೊಡುವವರು ತಿಂಡಿ ಬಿಡಬೇಡಿ, ಇವತ್ತು ಬೇಗ ಮಲಗಿ'.

ಗುರುವಾರ ಬೆಳಿಗ್ಗೆ ಇವೆಲ್ಲವನ್ನೂ ಕಿತ್ತುಹಾಕಬೇಕು. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅಂದು ಮತ್ತೊಂದು ಶಿಬಿರ ಮಾಡೋಣ ಎಂಬ ಸುತ್ತೋಲೆ ಬಂದೇ ಬರುತ್ತದೆ, ಹಳೆಯ ಪೋಸ್ಟರಿನ ದಿನಾಂಕವನ್ನಷ್ಟೇ ಬದಲಿಸಿ ಮತ್ತೆ ಅಚ್ಚಿಗೆ ಕೊಡುವ ಆತುರವೂ ಬರುತ್ತದೆ. ಆದರೆ ಜುಲೈ 22ರಿಂದ ಅಕ್ಟೋಬರ್ 1ಕ್ಕೆ ಆಗುವುದು 71 ದಿನ. ಬುಧವಾರ ಕೊಟ್ಟ ಹುಡುಗರಿಗೆ ಅಕ್ಟೋಬರ್ 20ರವರೆಗೆ, ಹುಡುಗಿಯರಿಗೆ ನವೆಂಬರ್ 19ರವರೆಗೆ ಮತ್ತೆ ಕೊಡಲಾಗದು. ಅಕ್ಟೋಬರಿನ ಪೋಸ್ಟರಿನಲ್ಲಿ ಸಮಯದ ಪಟ್ಟಿಗಿಂತ ಮೊದಲು ಬರಬೇಕಾದ ಸಾಲು: 'ಜುಲೈನಲ್ಲಿ ಕೊಟ್ಟವರು ಈ ಸಲ ಬೇಡ, ಕೊಡದ ಗೆಳೆಯರನ್ನು ಕರೆತನ್ನಿ'.